ಮೂರು ಲಕ್ಷದ ಡಿಸ್ಕೌಂಟನ್ನು ಯಾವ ವರ್ಷಕ್ಕೆ ಎಷ್ಟು ಬರೆಯಬೇಕು?

ಪ್ರಶ್ನೆ: ಸರ್, ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಕೌಂಟೆಂಟ್. ಪ್ರೈವೇಟ್ ಲಿಮಿಟೆಡ್ ಕಂಪನಿ. 2023ರ ಅಕ್ಟೋಬರ್ 1ರಂದು ಮಾಲೀಕರ ಪರಿಚಯದ ಆರು ಜನಕ್ಕೆ ಜಾಗದ ಅಡಮಾನದ ಮೇಲೆ ₹1,000 ಮುಖಬೆಲೆಯ 5,000 ಡಿಬೆಂಚರ್ ಕೊಟ್ಟೆವು, ಒಂದಕ್ಕೆ ₹940ರಂತೆ. ಬಡ್ಡಿ 9%. ಪ್ರತಿ ಸೆಪ್ಟೆಂಬರ್ 30ಕ್ಕೆ 10 ಲಕ್ಷದಂತೆ ಐದು ಕಂತಿನಲ್ಲಿ ವಾಪಸ್. 3 ಲಕ್ಷ ಡಿಸ್ಕೌಂಟನ್ನು ಐದು ವರ್ಷಕ್ಕೆ ಸಮ ಹಂಚಿ, ಮೊದಲ ಆರು ತಿಂಗಳಿಗೆ 30,000, ಮರುವರ್ಷ 60,000 ಬರೆದೆ. ಈಗ ಬಂದಿರುವ ಹೊಸ ಆಡಿಟರ್ ಇದು ತಪ್ಪು ಅಂತಾರೆ. ಸಿಬಿಎಸ್‌ಇ 12ನೇ ತರಗತಿಯ ನನ್ನ ಮಗಳು 'ಮೊದಲ ವರ್ಷವೇ ಪೂರ್ತಿ ಬರೀಬೇಕಪ್ಪಾ' ಅಂತಾಳೆ. ಮಾಲೀಕರು 'ಸೆಕ್ಯುರಿಟೀಸ್ ಪ್ರೀಮಿಯಂನಲ್ಲಿ 4 ಲಕ್ಷ ಸುಮ್ನೆ ಬಿದ್ದಿದೆ, ಅದರಲ್ಲಿ ಕಳೀರಿ' ಅಂತಾರೆ. ಉಳಿದ ಡಿಬೆಂಚರನ್ನು ಷೇರಿಗೆ ಬದಲಾಯಿಸುವ ಮಾತೂ ನಡೆದಿದೆ. 2025-26ರ ಲೆಕ್ಕ ಮುಗಿಸಬೇಕು. ಯಾರ ಮಾತು ಕೇಳಲಿ?

ಉತ್ತರ: ಲೆಕ್ಕದ ವಿಷಯದಲ್ಲಿ ಆಡಿಟರ್ ಮಾತು ಕೇಳಿ. ಮಗಳು ಹೇಳಿದ್ದನ್ನು ಅವಳು ಪರೀಕ್ಷೆಯಲ್ಲಿ ಹಾಗೆಯೇ ಬರೆಯಲಿ, ಅಂಕ ಸಿಗುತ್ತದೆ. ಮಾಲೀಕರ ಸಲಹೆಗೆ ಕಾನೂನಿನಲ್ಲಿ ಜಾಗವಿದೆ, ಆದರೂ ನಾನಾದರೆ ಮಾಡುವುದಿಲ್ಲ. ಷೇರಿನ ಮಾತು ಮಾತ್ರ ಹುಷಾರು. ನೀವು ಕೊನೆಗೆ ಸೇರಿಸಿದ ಆ ಒಂದು ಸಾಲು ಉಳಿದೆಲ್ಲಕ್ಕಿಂತ ಅಪಾಯದ್ದು.

ಮೊದಲು ಈ 3 ಲಕ್ಷ ಏನು ಅಂತ ನೋಡೋಣ. ಕೈಸಾಲ ಕೊಡುವವರು ಬಡ್ಡಿ ಮುರಿದುಕೊಂಡು ಕೊಡುವುದನ್ನು ನೀವು ನೋಡಿರುತ್ತೀರಿ. ಹತ್ತು ಸಾವಿರಕ್ಕೆ ಸಹಿ ಹಾಕಿಸಿಕೊಂಡು ಒಂಬತ್ತು ಸಾವಿರ ಕೈಗಿಡುತ್ತಾರೆ, ವಾಪಸ್ ಕೊಡುವಾಗ ಹತ್ತೇ ಕೊಡಬೇಕು. ಮುರಿದುಕೊಂಡ ಆ ಸಾವಿರವನ್ನು ಯಾರೂ ನಷ್ಟ ಅನ್ನುವುದಿಲ್ಲ, ಬಡ್ಡಿ ಅನ್ನುತ್ತಾರೆ. ನಿಮ್ಮ ಡಿಬೆಂಚರಿನಲ್ಲಿ ಆಗಿರುವುದೂ ಅದೇ. ಕೈಗೆ ಬಂದದ್ದು 47 ಲಕ್ಷ. ತೀರಿಸಬೇಕಾದದ್ದು 50 ಲಕ್ಷ. ಪ್ರತಿ ವರ್ಷದ 9% ಬಡ್ಡಿ ಕೂಡ ಬಾಕಿ ಇರುವ ಮುಖಬೆಲೆಯ ಮೇಲೆಯೇ ಲೆಕ್ಕ, ಕೈಗೆ ಬಂದ ಹಣದ ಮೇಲಲ್ಲ. ಆರು ಜನ ನಿಮ್ಮಿಂದ 9% ಬಡ್ಡಿ ಕೇಳಿದ್ದು ಕಾಗದದ ಮೇಲೆ. ಅವರ ಮನಸ್ಸಿನಲ್ಲಿದ್ದದ್ದು ಅದಕ್ಕಿಂತ ಜಾಸ್ತಿ. ಆ ಜಾಸ್ತಿಯನ್ನು ಮುಂಚೆಯೇ ಮುರಿದುಕೊಂಡರು.

ಆದ್ದರಿಂದ ಡಿಸ್ಕೌಂಟ್ ಅಂದರೆ ಅಗ್ಗಕ್ಕೆ ಮಾರಿದ ನಷ್ಟ ಎಂಬ ಭಾವನೆ ಬಿಡಿ. ಇದು ಸಾಲದ ವೆಚ್ಚ. ನಿಮ್ಮಂಥ ಕಂಪನಿಗಳಿಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡ ಎಎಸ್ 16 ಕೂಡ ಸಾಲದ ವೆಚ್ಚ ಎಂದರೆ ಏನೇನು ಎಂದು ಹೇಳುವಾಗ ಬಡ್ಡಿಯ ಜೊತೆಗೇ ಡಿಸ್ಕೌಂಟಿನ ವರ್ಷವಾರು ಪಾಲನ್ನೂ ಸೇರಿಸುತ್ತದೆ. ಬಡ್ಡಿ ಅಂತ ಒಪ್ಪಿಕೊಂಡ ಮೇಲೆ, ಯಾವ ವರ್ಷಕ್ಕೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಬರುತ್ತದೆ. ಬಡ್ಡಿ ಯಾವುದರ ಮೇಲೆ ಬೀಳುತ್ತದೆ? ಬಾಕಿ ಇರುವ ಅಸಲಿನ ಮೇಲೆ, ಅದು ಬಾಕಿ ಇದ್ದಷ್ಟು ದಿನ. ಡಿಸ್ಕೌಂಟೂ ಹಾಗೆಯೇ ಬೀಳಬೇಕು.

ನೀವು ಮಾಡಿದ ಸಮ ಹಂಚಿಕೆ ತಪ್ಪು ವಿಧಾನ ಅಲ್ಲ. 50 ಲಕ್ಷವನ್ನೂ ಐದು ವರ್ಷ ಮುಟ್ಟದೆ ಇಟ್ಟು ಕೊನೆಯ ದಿನ ಒಟ್ಟಿಗೆ ತೀರಿಸುವ ಸಾಲವಾಗಿದ್ದರೆ ವರ್ಷಕ್ಕೆ 60,000 ಸರಿಯಾಗಿಯೇ ಇರುತ್ತಿತ್ತು. ಆದರೆ ನಿಮ್ಮ ಸಾಲ ವರ್ಷ ವರ್ಷ ಕರಗುತ್ತಿದೆ. ಮೊದಲ ಆರು ತಿಂಗಳು 50 ಲಕ್ಷ ನಿಮ್ಮ ಕೈಯಲ್ಲಿತ್ತು, ಅದಕ್ಕೆ 30,000 ಬರೆದಿರಿ. 2028ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕೊನೆಯ ಆರು ತಿಂಗಳು 10 ಲಕ್ಷ ಮಾತ್ರ ಉಳಿದಿರುತ್ತದೆ. ಅದಕ್ಕೂ ಅದೇ 30,000 ಬರೆಯುತ್ತೀರಿ. ಐದರಲ್ಲಿ ಒಂದು ಪಾಲು ಸಾಲಕ್ಕೆ ಅಷ್ಟೇ ಖರ್ಚು ಹೇಗೆ ಒಪ್ಪಲಿ, ಅಲ್ವಾ?

ಇದಕ್ಕೆ ಹಳೆಯ, ಸುಲಭದ ದಾರಿ ಗುಣಲಬ್ಧದ ಲೆಕ್ಕ. ಬ್ಯಾಂಕಿನ ಹಳೆಯ ಲೆಡ್ಜರ್‌ಗಳಲ್ಲಿ ಬಡ್ಡಿಗೆ 'ಪ್ರಾಡಕ್ಟ್' ಹಾಕುತ್ತಿದ್ದರಲ್ಲ, ಅದೇ. ಪ್ರತಿ ಲೆಕ್ಕದ ವರ್ಷದಲ್ಲಿ ಎಷ್ಟು ಲಕ್ಷ ಎಷ್ಟು ತಿಂಗಳು ಬಾಕಿ ಇತ್ತು ಎಂದು ಗುಣಿಸಿ ಕೂಡಿಸಬೇಕು. ಬರುವ ಸಂಖ್ಯೆಯನ್ನು 'ಲಕ್ಷ-ತಿಂಗಳು' ಎಂದು ಕರೆಯೋಣ. 2023-24ರಲ್ಲಿ 50 ಲಕ್ಷ ಆರು ತಿಂಗಳಿತ್ತು, ಅಂದರೆ 300. 2024-25ರಲ್ಲಿ ಮೊದಲ ಆರು ತಿಂಗಳು 50, ಸೆಪ್ಟೆಂಬರ್ ಕಂತು ಕಟ್ಟಿದ ಮೇಲೆ ಆರು ತಿಂಗಳು 40. 300ಕ್ಕೆ 240 ಸೇರಿ 540. ಹೀಗೇ ಕೊನೆವರೆಗೆ ಹೋದರೆ ಒಟ್ಟು 1,800 ಬರುತ್ತದೆ. 3 ಲಕ್ಷವನ್ನು ಈ 1,800ಕ್ಕೆ ಹಂಚಿ:

| ವರ್ಷ | ಲಕ್ಷ-ತಿಂಗಳು | ಬರೆಯಬೇಕಾದ ಡಿಸ್ಕೌಂಟ್ (₹) |
|---|---|---|
| 2023-24 | 300 | 50,000 |
| 2024-25 | 540 | 90,000 |
| 2025-26 | 420 | 70,000 |
| 2026-27 | 300 | 50,000 |
| 2027-28 | 180 | 30,000 |
| 2028-29 | 60 | 10,000 |
| ಒಟ್ಟು | 1,800 | 3,00,000 |

ಎಕ್ಸೆಲ್‌ನಲ್ಲಿ ಲಕ್ಷ-ತಿಂಗಳುಗಳನ್ನು B2ರಿಂದ B7ರವರೆಗೆ ಹಾಕಿದ್ದರೆ ಪಕ್ಕದ ಕಾಲಂನಲ್ಲಿ ಇಷ್ಟು ಸಾಕು:

```
=ROUND(300000*B2/SUM($B$2:$B$7),0)
```

ನಿಮ್ಮ ಅಂಕಿಗಳು ಅದೃಷ್ಟಕ್ಕೆ ಸಮವಾಗಿ ಭಾಗವಾಗಿವೆ. ಬೇರೆ ಕಡೆ ರೂಪಾಯಿ ಎರಡು ರೂಪಾಯಿ ಹೆಚ್ಚುಕಡಿಮೆ ಬಂದರೆ ಕೊನೆಯ ವರ್ಷದಲ್ಲಿ ಸರಿಮಾಡಿಕೊಳ್ಳಿ. ಅಕ್ಟೋಬರ್‌ನಿಂದ ಲೆಕ್ಕ ಹಿಡಿದದ್ದನ್ನೂ ಗಮನಿಸಿ. 'ಐದು ಕಂತು, ಹಾಗಾಗಿ 5:4:3:2:1' ಎಂದು ಪುಸ್ತಕದ ಅನುಪಾತವನ್ನು ನೇರವಾಗಿ ಮಾರ್ಚ್ ವರ್ಷಕ್ಕೆ ಹಾಕುವವರಿದ್ದಾರೆ. ಆ ಅನುಪಾತ ಸಾಲದ ವರ್ಷಕ್ಕೆ, ಅಂದರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ಗೆ ಸರಿ. ನಿಮ್ಮ ಲೆಕ್ಕದ ವರ್ಷಗಳು ಐದಲ್ಲ, ಆರು.

ಹಂಚಿಕೆ ಸರಿಯಿದೆಯೋ ಇಲ್ಲವೋ ನೋಡಲು ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಆ ವರ್ಷದ ಬಡ್ಡಿಗೆ ಆ ವರ್ಷ ಬರೆದ ಡಿಸ್ಕೌಂಟ್ ಸೇರಿಸಿ, ಸರಾಸರಿ ಬಾಕಿ ಸಾಲದಿಂದ ಭಾಗಿಸಿ. ಎಲ್ಲ ವರ್ಷವೂ ಒಂದೇ ದರ ಬರಬೇಕು. 2024-25ನ್ನು ನೋಡಿ. ಸರಾಸರಿ ಬಾಕಿ 45 ಲಕ್ಷ, ಬಡ್ಡಿ 4,05,000, ಡಿಸ್ಕೌಂಟ್ 90,000, ಒಟ್ಟು 4,95,000. ಅದು ಸರಿಯಾಗಿ 11%. ಬೇರೆ ಯಾವ ವರ್ಷ ಹಿಡಿದರೂ 11% ಬರುತ್ತದೆ. ಈಗ ನಿಮ್ಮ ಸಮ ಹಂಚಿಕೆಗೆ ಇದೇ ಪರೀಕ್ಷೆ ಮಾಡಿ. ಮೊದಲ ಆರು ತಿಂಗಳಿಗೆ ವಾರ್ಷಿಕ 10.2% ಬರುತ್ತದೆ. ಕೊನೆಯ ಆರು ತಿಂಗಳಿಗೆ 10 ಲಕ್ಷದ ಮೇಲೆ ಬಡ್ಡಿ 45,000, ಡಿಸ್ಕೌಂಟ್ 30,000, ಅಂದರೆ ವಾರ್ಷಿಕ 15%. ಸಾಲ ಒಂದೇ, ಕರಾರು ಒಂದೇ, ದರ ಮಾತ್ರ 10ರಿಂದ 15ಕ್ಕೆ ಏರಿದಂತೆ ಕಾಣುತ್ತದೆ. ಹೊಸ ಆಡಿಟರ್ ಕಣ್ಣಿಗೆ ಬಿದ್ದಿರುವುದು ಬಹುಶಃ ಇದೇ.

ಇಲ್ಲಿ ಒಂದು ಮಾತು ಸೇರಿಸಬೇಕು. 11% ಎನ್ನುವುದು ಮುಖಬೆಲೆಯ ಮೇಲಿನ ದರ. ನಿಜವಾಗಿ ಕೈಗೆ ಬಂದ 47 ಲಕ್ಷದ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 11.56% ಬೀಳುತ್ತದೆ. ಇಂಡ್ ಎಎಸ್ ಪಾಲಿಸುವ ಕಂಪನಿಗಳು, ಅಂದರೆ ಮುಖ್ಯವಾಗಿ ಲಿಸ್ಟೆಡ್ ಕಂಪನಿಗಳು ಮತ್ತು ನೆಟ್‌ವರ್ತ್ 250 ಕೋಟಿ ದಾಟಿದ ಉಳಿದ ಕಂಪನಿಗಳು, ಈ ನಿಜವಾದ ದರದಿಂದಲೇ ಹಂಚಬೇಕು. ಅವರ ಪುಸ್ತಕದಲ್ಲಿ ಸಾಲ ಶುರುವಾಗುವುದೇ 47 ಲಕ್ಷದಿಂದ, ಡಿಸ್ಕೌಂಟ್ ಎಂಬ ಪ್ರತ್ಯೇಕ ಖಾತೆ ಇರುವುದಿಲ್ಲ. ಆ ವಿಧಾನದಲ್ಲಿ ಮೊದಲ ಹನ್ನೆರಡು ತಿಂಗಳ ಡಿಸ್ಕೌಂಟ್ ಪಾಲು ಸುಮಾರು 93 ಸಾವಿರ ಬರುತ್ತದೆ, ನಮ್ಮ ಗುಣಲಬ್ಧದಲ್ಲಿ 1 ಲಕ್ಷ. ಫೌಂಡ್ರಿಯ ಲೆಕ್ಕಕ್ಕೆ ಈ ವ್ಯತ್ಯಾಸಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಮಾಲೀಕರಿಗೆ ಆ 11.56 ಎಂಬ ಅಂಕಿ ಹೇಳಿ. ಮುಂದಿನ ಸಲ ಬ್ಯಾಂಕ್ ಸಾಲದ ಜೊತೆ ಹೋಲಿಸುವಾಗ ಅವರು 9% ಅಂದುಕೊಂಡು ಕೂತಿರಬಾರದು.

ಈಗ ಸರಿಪಡಿಸುವ ಕೆಲಸ. ಎರಡು ವರ್ಷದಲ್ಲಿ ನೀವು ಬರೆದದ್ದು 90,000. ಬರೆಯಬೇಕಿದ್ದದ್ದು 1,40,000. ಬಾಕಿ 50,000. ಇದು ಕಂತಿನ ಕರಾರು ಕಣ್ಣೆದುರೇ ಇದ್ದೂ ಆದ ತಪ್ಪಾದ್ದರಿಂದ, ಎಎಸ್ 5ರ ಪ್ರಕಾರ 'ಹಿಂದಿನ ಅವಧಿಯ ಬಾಬ್ತು' ಎಂದು ಈ ವರ್ಷದ ಲಾಭ-ನಷ್ಟ ಖಾತೆಯಲ್ಲಿ ಬೇರೆಯಾಗಿಯೇ ತೋರಿಸಿ. ಈ ವರ್ಷದ 70,000 ಹಣಕಾಸು ವೆಚ್ಚದಲ್ಲಿ ಬಡ್ಡಿಯ ಜೊತೆ ಹೋಗುತ್ತದೆ. ಎರಡನ್ನೂ ಕಲಸಿ 1,20,000 ಎಂದು ಒಂದೇ ಸಾಲಿನಲ್ಲಿ ಹಾಕಬೇಡಿ, ಮುಂದಿನ ವರ್ಷ ಹೋಲಿಸುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಇಷ್ಟು ಮಾಡಿದರೆ 2026ರ ಮಾರ್ಚ್ 31ಕ್ಕೆ ಡಿಸ್ಕೌಂಟ್ ಖಾತೆಯಲ್ಲಿ 90,000 ಉಳಿಯುತ್ತದೆ. ಮುಂದಿನ ಮೂರು ವರ್ಷದ 50, 30, 10 ಸಾವಿರ ಕೂಡಿದರೂ ಅಷ್ಟೇ.

ಆ 90,000 ಎಲ್ಲಿ ಕೂರಬೇಕು? ನಿಮ್ಮ ಟ್ಯಾಲಿ ತೆರೆದು ನೋಡಿ. ಹೆಚ್ಚಿನ ಕಡೆ ಈ ಖಾತೆ `Misc. Expenses (ASSET)` ಗುಂಪಿನಲ್ಲಿ ಇರುತ್ತದೆ. ಹಳೆಯ ಷೆಡ್ಯೂಲ್ 6ರ ಕಾಲದಲ್ಲಿ 'ಇನ್ನೂ ವಜಾ ಮಾಡದ ಇತರೆ ವೆಚ್ಚ' ಎಂಬ ತಲೆಬರಹವೇ ಬ್ಯಾಲೆನ್ಸ್ ಶೀಟಿನಲ್ಲಿತ್ತು, ಆ ಅಭ್ಯಾಸ ಹಾಗೇ ಉಳಿದಿದೆ. ಈಗಿನ ಷೆಡ್ಯೂಲ್ 3ರಲ್ಲಿ ಆ ತಲೆಬರಹ ಇಲ್ಲ. ಮುಂದಿನ ಹನ್ನೆರಡು ತಿಂಗಳಲ್ಲಿ ಬರೆಯಲಿರುವ 50,000 'ಇತರೆ ಚಾಲ್ತಿ ಆಸ್ತಿ'ಗೆ, ಉಳಿದ 40,000 'ಇತರೆ ಚಾಲ್ತಿಯಲ್ಲದ ಆಸ್ತಿ'ಗೆ ಹೋಗಬೇಕು. ಸಾಲದ ಕಡೆಯೂ ಇದೇ ರೀತಿ ಒಡೆಯಬೇಕು. ಬಾಕಿ 30 ಲಕ್ಷದಲ್ಲಿ ಬರುವ ಸೆಪ್ಟೆಂಬರ್‌ನ 10 ಲಕ್ಷ ಅಲ್ಪಾವಧಿ ಸಾಲದಲ್ಲಿ, 20 ಲಕ್ಷ ದೀರ್ಘಾವಧಿಯಲ್ಲಿ. ಆಸ್ತಿ ಅಂತ ಕರೆದರೂ ಇದನ್ನು ಮಾರಿ ಒಂದು ರೂಪಾಯಿ ಬರುವುದಿಲ್ಲ. ಬ್ಯಾಂಕಿನವರು ನೆಟ್‌ವರ್ತ್ ಲೆಕ್ಕ ಹಾಕುವಾಗ ಇದನ್ನು ಕಳೆದೇ ನೋಡುತ್ತಾರೆ, ಗಾಬರಿಯಾಗಬೇಡಿ.

ಮಗಳ ಮಾತಿಗೆ ಬರೋಣ. ಅವಳ ಪಠ್ಯಕ್ರಮದಲ್ಲಿ ಡಿಬೆಂಚರ್ ಹಂಚಿದ ವರ್ಷವೇ ಡಿಸ್ಕೌಂಟನ್ನು ಪೂರ್ತಿ ವಜಾ ಮಾಡಬೇಕು, ಮೊದಲು ಸೆಕ್ಯುರಿಟೀಸ್ ಪ್ರೀಮಿಯಂನಿಂದ, ಸಾಲದಿದ್ದರೆ ಲಾಭ-ನಷ್ಟ ಖಾತೆಯಿಂದ ಎಂದೇ ಇದೆ. ಎಎಸ್ 16 'ವೆಚ್ಚವನ್ನು ಆದ ಅವಧಿಯಲ್ಲೇ ತೋರಿಸಿ' ಎನ್ನುವುದನ್ನು ಹಾಗೆ ಓದಿದ್ದಾರೆ. ಕೆಲಸದಲ್ಲಿರುವ ನಾವು ಅದೇ ಮಾನದಂಡದ 'ವರ್ಷವಾರು ಪಾಲು' ಎಂಬ ಮಾತನ್ನು ಹಿಡಿಯುತ್ತೇವೆ. ಇನ್ನೂ ಬರೆಯದ ಡಿಸ್ಕೌಂಟನ್ನು ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿ ತೋರಿಸಬೇಕೆಂದು ಐಸಿಎಐ ಮಾರ್ಗದರ್ಶಿಯೇ ಹೇಳಿರುವಾಗ, ಹಂಚುವ ಪದ್ಧತಿಯನ್ನು ಅದು ಒಪ್ಪಿದೆ ಎಂದೇ ಅರ್ಥ. ಮನೆಯಲ್ಲಿ ಜಗಳ ಬೇಡ.

ಮಾಲೀಕರ ಸಲಹೆ. ಕಂಪನಿ ಕಾಯ್ದೆ 2013ರ ಕಲಂ 52(2) ಪ್ರೀಮಿಯಂ ಹಣವನ್ನು ಡಿಬೆಂಚರಿನ ಡಿಸ್ಕೌಂಟ್ ವಜಾ ಮಾಡಲು ಬಳಸಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಇಂಡ್ ಎಎಸ್ ಕಂಪನಿಗಳಿಗೆ ಈ ಬಾಗಿಲು ಇಲ್ಲ, ಖರ್ಚು ವಜಾ ಮಾಡಲು ಅವರು ಅದನ್ನು ಬಳಸುವುದಾದರೆ ಈಕ್ವಿಟಿ ಷೇರು ಹಂಚಿಕೆಯ ಖರ್ಚಿಗೆ ಮಾತ್ರ. ನಿಮಗೆ ಇದೆ. ಹಾಗಾದರೆ ನಾನೇಕೆ ಬೇಡ ಅನ್ನುತ್ತೇನೆ? ಒಂದು, ಪ್ರೀಮಿಯಂನಲ್ಲಿ ಕಳೆದರೆ ಲಾಭ ಚೆನ್ನಾಗಿ ಕಾಣುತ್ತದೆ, ಆದರೆ 11% ಸಾಲ 9% ಸಾಲದ ವೇಷ ಹಾಕಿಕೊಳ್ಳುತ್ತದೆ. ಎರಡು, ತೆರಿಗೆ. ಲಾಭ-ನಷ್ಟ ಖಾತೆಗೆ ಬಾರದ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಪ್ರತ್ಯೇಕವಾಗಿ ನೆನಪಿಟ್ಟು ಕೇಳಬೇಕು. ಕೇಳುವ ಹಕ್ಕು ಹೋಗುವುದಿಲ್ಲ. ಪುಸ್ತಕದಲ್ಲಿ ಹೇಗೆ ಬರೆದಿರಿ ಎಂಬುದರ ಮೇಲೆ ಕಡಿತದ ಹಕ್ಕು ನಿಂತಿಲ್ಲ ಎಂದು ಸುಪ್ರೀಂ ಕೋರ್ಟ್ 1971ರ ಕೇದಾರನಾಥ್ ಜೂಟ್ ಪ್ರಕರಣದಲ್ಲೇ ಹೇಳಿದೆ. ಹೋಗುವುದು ನೆನಪು. ಮೂರನೇ ವರ್ಷಕ್ಕೆ ಅಕೌಂಟೆಂಟ್ ಬದಲಾಗುತ್ತಾರೆ, ಪುಸ್ತಕದಲ್ಲಿ ಖಾತೆಯೇ ಇಲ್ಲ, ಯಾರು ನೆನಪಿಸುತ್ತಾರೆ?

ತೆರಿಗೆಗೂ ಹಂಚಿಕೆಯೇ ದಾರಿ ಎಂಬುದಕ್ಕೆ ನಮ್ಮ ಪಕ್ಕದ ರಾಜ್ಯದ ಒಂದು ಪ್ರಕರಣ ಆಧಾರ. ಮದ್ರಾಸ್ ಇಂಡಸ್ಟ್ರಿಯಲ್ ಇನ್‌ವೆಸ್ಟ್‌ಮೆಂಟ್ ಕಾರ್ಪೊರೇಷನ್ 1966ರ ಡಿಸೆಂಬರ್‌ನಲ್ಲಿ ಒಂದೂವರೆ ಕೋಟಿಯ ಡಿಬೆಂಚರನ್ನು ನೂರಕ್ಕೆ 98ರಂತೆ, 12 ವರ್ಷಕ್ಕೆ ಕೊಟ್ಟಿತು. ಡಿಸ್ಕೌಂಟ್ ಕಾಕತಾಳೀಯವಾಗಿ ನಿಮ್ಮಷ್ಟೇ, 3 ಲಕ್ಷ. ಪುಸ್ತಕದಲ್ಲಿ ಆರು ತಿಂಗಳ ಪಾಲು 12,500 ಬರೆದು, ತೆರಿಗೆಗೆ ಮಾತ್ರ ಪೂರ್ತಿ 3 ಲಕ್ಷ ಕೇಳಿತು. 1997ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು 12,500 ಮಾತ್ರ. ಹೊಣೆ ಮೊದಲ ದಿನವೇ ಹುಟ್ಟಿರಬಹುದು, ಆದರೆ ಆ ಹಣದ ಪ್ರಯೋಜನ 12 ವರ್ಷ ಸಿಗುತ್ತದೆ, ಹಾಗಾಗಿ ಖರ್ಚೂ 12 ವರ್ಷಕ್ಕೆ ಹರಡಬೇಕು ಎಂಬುದು ಅದರ ತರ್ಕ. ಅಲ್ಲಿ ಸಾಲ 12 ವರ್ಷದ ಕೊನೆಗೆ ತೀರುವಂಥದ್ದು, ಆದ್ದರಿಂದ ಸಮ ಹಂಚಿಕೆ ಸರಿಹೋಯಿತು. ನಿಮ್ಮ ಹಳೆಯ 50,000ವನ್ನು ಈ ವರ್ಷದ ಖರ್ಚಾಗಿ ಕೇಳಿದರೆ 'ಅದು ಆಯಾ ವರ್ಷದ್ದು' ಎಂದು ಅಧಿಕಾರಿ ತಗಾದೆ ತೆಗೆಯಬಹುದು. ಟ್ಯಾಕ್ಸ್ ಆಡಿಟ್ ಇದ್ದರೆ ಫಾರಂ 3ಸಿಡಿಯಲ್ಲಿ ಹಿಂದಿನ ಅವಧಿಯ ಖರ್ಚಿಗೆ ಬೇರೆ ಜಾಗವೇ ಇದೆ, ಮುಚ್ಚಿಡಲು ಆಗುವುದಿಲ್ಲ. ಕೇಳಿ ನೋಡುವುದೋ ಬಿಡುವುದೋ ಆಡಿಟರ್ ಜೊತೆ ತೀರ್ಮಾನಿಸಿ.

ಇನ್ನು ಷೇರಿನ ವಿಷಯ. ಡಿಬೆಂಚರನ್ನು ಡಿಸ್ಕೌಂಟಿನಲ್ಲಿ ಕೊಡಲು ಕಾಯ್ದೆಯ ತಡೆ ಇಲ್ಲ, ಮಿತಿಯೂ ಇಲ್ಲ. ಷೇರನ್ನು ಹಾಗೆ ಕೊಡುವಂತಿಲ್ಲ. ಕಲಂ 53 ಅಡ್ಡ ಬರುತ್ತದೆ, ವಿನಾಯಿತಿಗಳು ಬೆರಳೆಣಿಕೆಯಷ್ಟು. ನಿಮ್ಮ ಒಂದು ಡಿಬೆಂಚರಿಗೆ ಕಂಪನಿಗೆ ಬಂದದ್ದು 940. ಅದನ್ನು ಮುಖಬೆಲೆ 1,000 ಎಂದು ಲೆಕ್ಕ ಹಿಡಿದು ₹10ರ 100 ಷೇರು ಕೊಟ್ಟರೆ, ಒಂದು ಷೇರಿಗೆ ಬಂದದ್ದು 9 ರೂಪಾಯಿ 40 ಪೈಸೆ. ಮುಂಬಾಗಿಲಿನಿಂದ ಬಿಡದ್ದನ್ನು ಹಿತ್ತಿಲಿನಿಂದ ತಂದಂತಾಯಿತು. ಇಂಗ್ಲೆಂಡಿನಲ್ಲಿ 1904ರಲ್ಲೇ ಕೊಫಿಫಾಂಟೀನ್ ಗಣಿ ಕಂಪನಿಯ ಪ್ರಕರಣದಲ್ಲಿ ಇದೇ ಆಯಿತು. 100 ಪೌಂಡಿನ ಡಿಬೆಂಚರನ್ನು 80ಕ್ಕೆ ಕೊಟ್ಟು, ಬೇಕೆಂದಾಗ ಪೂರ್ಣ ಮುಖಬೆಲೆಗೆ ಷೇರು ಪಡೆಯುವ ಹಕ್ಕನ್ನೂ ಕೊಡಲು ಹೊರಟಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ನಮ್ಮಲ್ಲಿ ಈಗಲೂ ವಕೀಲರು ಮೊದಲು ಎತ್ತುವುದು ಅದನ್ನೇ. ಬದಲಾಯಿಸಲೇಬೇಕೆಂದರೆ 940ಕ್ಕೆ ಹೊಂದುವಂತೆ 94 ಷೇರು ಕೊಡುವ ಲೆಕ್ಕ ಹಾಕಿ, ವಿಶೇಷ ನಿರ್ಣಯ ಮಾಡಿಸಿ, ಕಂಪನಿ ಸೆಕ್ರೆಟರಿಯೊಬ್ಬರಿಗೆ ಕಾಗದ ತೋರಿಸದೆ ಮುಂದೆ ಹೋಗಬೇಡಿ. ಈಗಿನ ಕರಾರಿನಲ್ಲಿ ಇಲ್ಲದ ಹಕ್ಕನ್ನು ಮಧ್ಯೆ ಬಾಯಿಮಾತಿನಲ್ಲಿ ಸೇರಿಸುವುದಂತೂ ಬೇಡ.

ಅಷ್ಟಕ್ಕೂ ಆರು ಜನಕ್ಕೆ ಬೇಗ ಬಿಡುಗಡೆ ಬೇಕಿದ್ದರೆ, ಕೈಯಲ್ಲಿ ಹಣವಿದ್ದರೆ, ಅವಧಿಗೆ ಮುಂಚೆ ತೀರಿಸುವುದು ಷೇರಿಗಿಂತ ಸುಲಭ. ಬರುವ ಸೆಪ್ಟೆಂಬರ್ 30ಕ್ಕೆ ಕಂತಿನ ಜೊತೆ ಉಳಿದ 20 ಲಕ್ಷವನ್ನೂ ಕೊಟ್ಟುಬಿಟ್ಟಿರಿ ಅಂದುಕೊಳ್ಳಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 30 ಲಕ್ಷ ಬಾಕಿ ಇದ್ದ ಆರು ತಿಂಗಳಿಗೆ 30,000 ಮಾಮೂಲಿನಂತೆ ಬರೆಯಿರಿ. ಖಾತೆಯಲ್ಲಿ 60,000 ಉಳಿಯುತ್ತದೆ. ಸಾಲವೇ ಇಲ್ಲದ ಮೇಲೆ ಅದನ್ನು ಮುಂದಕ್ಕೆ ಒಯ್ಯಲು ಕಾರಣವಿಲ್ಲ, ಆ ವರ್ಷವೇ ಪೂರ್ತಿ ಖರ್ಚು. ಲಾಭಕ್ಕೆ 60,000 ಏಟು ಬೀಳುತ್ತದೆ ಎಂಬುದನ್ನು ಮಾಲೀಕರಿಗೆ ಮೊದಲೇ ಹೇಳಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷದ ಹಿಂದೆ ಒಂದು ಕಂಪನಿಯ ಪುಸ್ತಕ ನನ್ನ ಕೈಗೆ ಬಂತು. ಡಿಬೆಂಚರ್ ಖಾತೆ ಸೊನ್ನೆಯಾಗಿ ಮೂರು ವರ್ಷ ಕಳೆದಿತ್ತು. ಆಸ್ತಿಯ ಕಡೆ ಮಾತ್ರ 'ಡಿಬೆಂಚರ್ ಡಿಸ್ಕೌಂಟ್' ಎಂದು ಒಂದೂಮುಕ್ಕಾಲು ಲಕ್ಷ ಹಾಗೇ ಕೂತಿತ್ತು. ಕೇಳಿದರೆ ಅಕೌಂಟೆಂಟ್ ಹೇಳಿದರು: 'ಅದು ನಾನು ಸೇರುವ ಮುಂಚಿಂದ ಇದೆ ಸರ್, ಮುಟ್ಟಿಲ್ಲ.' ನಿಮ್ಮ ಎಕ್ಸೆಲ್ ಹಾಳೆಯ ಒಂದು ಪ್ರಿಂಟ್ ತೆಗೆದು ಡಿಬೆಂಚರ್ ಕರಾರಿನ ಫೈಲಿನಲ್ಲೇ ಸಿಕ್ಕಿಸಿಡಿ, ಪ್ರತಿ ಮಾರ್ಚ್‌ಗೆ ಬರೆದ ಮೊತ್ತದ ಪಕ್ಕ ಟಿಕ್ ಹಾಕಿ.